ಮೇಲಿನ ಕಿಂಡಿ ಮುಚ್ಚಬೇಡ

ಮರಿಸ್ವಾಮಿ,

ಬೆಳಿಗ್ಗೇನೇ ಬೆಂಗಳೂರಿಗೆ ಹೊಂಟೆ, ರಾತ್ರಿ ದೋಹಾಕ್ಕೆ ಫ್ಲೈಟು. ನೀನು ಸೊಪ್ಪು ಕುಯ್ದು ಬರೋಗಂಟ ಕಾದ್ರೆ ಮತ್ತೆ ಜಗಳ ಆಗುತ್ತೆ.

ಡ್ರೈಯರಲ್ಲಿ ರೇಷ್ಮೆಗೂಡು ಐತೆ. ನೂರಹತ್ತು ಡಿಗ್ರಿಗೆ ಇಟ್ಟಿದ್ದೀನಿ, ಗಂಟೆಗೆ ಹತ್ತತ್ತು ಇಳಿಸ್ತಾ ಅರವತ್ತಕ್ಕೆ ತಾ. ಅವಸರಕ್ಕೆ ಬಿಸಿ ಏರಿಸಿದ್ರೆ ಗೂಡಿನ ಅಂಟು ಗಟ್ಟಿಯಾಗಿ ಎಳೆ ಬಿಚ್ಚಲ್ಲ.

ಡ್ರೈಯರ್ ಮೇಲಿನ ಕಿಂಡಿ ಮುಚ್ಚಬೇಡ! ಹೋದ್ಸಲ ಕರೆಂಟ್ ಉಳಿಸ್ತೀನಿ ಅಂತ ಮುಚ್ಚಿದೆ. ಹುಳದ ನೀರು ಆವಿಯಾಗಿ ಒಳಗೇ ನಿಂತು ಗೂಡೆಲ್ಲ ಕಲೆ ಆಯ್ತು. ಬೈದಿದ್ದು ಮಾತ್ರ ನಾನು ಮಾಡಿದ ಡ್ರೈಯರ್ ಡ್ರಾಯಿಂಗನ್ನ. ದೋಹಾದಿಂದ ಊರಿಗೆ ಬರೋವಾಗೆಲ್ಲ ವಿಮಾನದಲ್ಲಿ ನಿದ್ದೆಗೆಟ್ಟು ಬರೆದಿದ್ದು ಕಣೋ ಅದು.

ಕೊನೆಗೆ ನಡು ತಟ್ಟೆಯಿಂದ ಒಂದು ಗೂಡು ಕುಯ್ದು ಹುಳ ಹಿಸುಕು. ಪುಡಿಯಾದ್ರೆ ಒಣಗೈತೆ. ರಾಮನಗರಕ್ಕೆ ತಗೊಂಡೋಗಿ ಸನಾವುಲ್ಲಾ ಸಾಬರ ಕೈಲಿ ನೂಲು ತೆಗೆಸು.

ನೂಲು ಸರಿಯಾಗಿ ಬಂದ್ರೆ ಇಡೀ ಕೈಲಾಂಚ ಹೋಬಳಿಯ ಗೂಡು ನಾವೇ ಬಾಡಿಗೆಗೆ ಒಣಗಿಸಿಕೊಡಬಹುದು. ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡುತ್ತೆ ಅಂತ ಹೆದರಿ ಯಾರೂ ದಲ್ಲಾಳಿ ಕೇಳಿದ ರೇಟಿಗೆ ಕೊಟ್ಟು ಬರಬೇಕಾಗಿಲ್ಲ.

ಎಳೆ ತುಂಡಾಗದೆ ಬಂದ್ರೆ ಫೋನ್ ಮಾಡು. ಏರ್‌ಪೋರ್ಟಿಂದಲೇ ವಾಪಸ್ ಬತ್ತೀನಿ, ಆ ಇಂಜಿನಿಯರ್ ಕೆಲಸ ಬುಟ್ಟು.

ತುಂಡಾದ್ರೆ ತುಂಡಾಯ್ತು ಅನ್ನು. ಅಕ್ಕ ಇಲ್ಲೇ ಉಳೀಲಿ ಅಂತ ಸುಳ್ಳು ಹೇಳಬೇಡ.

ಸಿರಿ