ರಕ್ಕಸ ಅಂತ ಕಳಿಸಿದ ಫೋಟೊ

ಕೆರಗೋಡು
9–2–1941

ಯಜಮಾನರಿಗೆ ಮಾಯಮ್ಮ ಮಾಡುವ ನಮಸ್ಕಾರಗಳು.

ಮೈ ಹೇಗಿದೆ? ಶಿವನಸಮುದ್ರದ ಥಂಡಿಗೆ ನಿಮಗೆ ಕೆಮ್ಮು ಜಾಸ್ತಿ, ತಣ್ಣೀರು ಹೊಯ್ದುಕೊಳ್ಳಬೇಡಿ. ಪವರ್ ಹೌಸಿನ ಕೆಲಸ ಮುಗಿಸಿ ಬಂದು ಹೊತ್ತಿಗೆ ಸರಿಯಾಗಿ ಉಣ್ಣಿ. ಇಷ್ಟು ಕೇಳುವುದು ಹೆಂಡತಿಯ ಕರ್ತವ್ಯ, ಕೇಳಿದ್ದೇನೆ. ಇಲ್ಲಿ ಅಪ್ಪನ ಕಣ್ಣಿನ ಪೊರೆ ಇನ್ನೂ ದಪ್ಪವಾಗಿದೆ, ಎದುರಿಗೆ ಕೂತವರು ಯಾರೆಂದು ಮಾತಿನಿಂದಲೇ ತಿಳಿಯಬೇಕು. ತಮ್ಮ ಮುದ್ದಣ್ಣನ ಜ್ವರ ಬಿಟ್ಟಿತು. ಶಿವರಾತ್ರಿಗೆ ಅಪ್ಪ ಅವನ ತಲೆಗೆ ಅರ್ಜುನನ ಕಿರೀಟ ಕಟ್ಟುತ್ತಾರೆಂದು ದಿನವೂ ಹಿತ್ತಿಲಲ್ಲಿ ಕುಣಿದು ಕುಣಿದು ನೆಲ ಸವೆಸಿದ್ದಾನೆ.

ನೀವು ಕಳಿಸಿದ ಫೋಟೊ ಬಂತು. ಮಂಡ್ಯದಲ್ಲಿ ನಮ್ಮ ಬಯಲಾಟದ ಮೇಳ ಆಡಿದಾಗ ತೆಗೆಸಿದ್ದು, ‘ಮುದ್ದಣ್ಣ ಜ್ವರ ಬಂದು ಮಲಗಿದ್ದರಿಂದ ಅರ್ಜುನನ ಪೆಟ್ಟಿಗೆ ಬಿಚ್ಚಲೇ ಇಲ್ಲ, ನಾನು ಎಂದಿನಂತೆ ರಕ್ಕಸನೇ’ ಎಂದು ಬರೆದಿದ್ದಿರಿ. ಮುಖ ಕಪ್ಪು, ಮೈಮೇಲಿನ ದಗಲೆ ಕಪ್ಪು. ನೋಡಿದವರೆಲ್ಲ ರಕ್ಕಸ ಅಂದರು. ಪಕ್ಕದ ಮನೆಯ ಸೋಮಮ್ಮನಂತೂ ‘ನಿನ್ ಗಂಡುನ್ನ ನೋಡುದ್ರೆ ಕೂಸ್ಗೋಳು ಎದ್ರುಕೊತವೆ ಕಣಮ್ಮಿ’ ಅಂತ ಆಡಿಕೊಂಡಳು. ನಾನೂ ನಕ್ಕೆ, ದಡ್ಡಿ.

ಆಮೇಲೆ ಅಪ್ಪ ಜಗುಲಿಯಲ್ಲಿ ಕೂರಿಸಿಕೊಂಡು ‘ಕಿರೀಟ ಎಂಗದೆ ಯೋಳವ್ವ’ ಅಂದರು. ಅವರ ಕಣ್ಣು ಈಗ ನಾನೇ ಅಲ್ಲವೇ, ಕಂಡದ್ದನ್ನು ಹೇಳುತ್ತಾ ಹೋದೆ. ಗೋಪುರದ ಹಾಗೆ ಮೇಲಕ್ಕೆ ಸಣ್ಣಗಾಗಿದೆ, ತುದಿಯಲ್ಲಿ ನವಿಲುಗರಿ ಇದೆ ಅಂದೆ. ‘ಇಂದ್ಗಡೆ ಅಗಲದ ಚಕ್ರ ಇಲ್ವಾ?’ ಅಂದರು. ಇಲ್ಲ. ‘ಕಣ್ ಸುತ್ತ ಸಫೇದದ ಬಿಳೀ ಗೆರೆ? ಗಲ್ಲದ ಮ್ಯಾಲೆ ಬಿಳೀ ಬೊಟ್ಟು?’ ಇಲ್ಲ. ಹೇಳುತ್ತಾ ಹೇಳುತ್ತಾ ಫೋಟೊವನ್ನು ಇನ್ನೂ ಹತ್ತಿರ ಹಿಡಿದೆ. ನಾನು ಈ ಮನೆಯ ಮಗಳು. ನಮ್ಮ ಮೇಳದಲ್ಲಿ ಚಕ್ರವಿಲ್ಲದ, ಬಿಳೀ ಗೆರೆಯಿಲ್ಲದ ರಕ್ಕಸನಿಲ್ಲ ಎಂದು ನನಗೆ ಗೊತ್ತಿಲ್ಲವೇ? ರಕ್ಕಸನಾಗಿದ್ದರೆ ಅಂಟಿಸಿದ ಪೊದೆಮೀಸೆ ತುಟಿ ಮುಚ್ಚಬೇಕಿತ್ತು. ಫೋಟೊವನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ಕಾಡಿಗೆಯಲ್ಲಿ ಎಳೆದ ಸಣ್ಣ ಮೀಸೆ, ಹಣೆಯ ಮೇಲೆ ನೆಟ್ಟಗಿನ ನಾಮ. ‘ಮೀಸೆ?’ ಅಂದರು ಅಪ್ಪ. ದಪ್ಪಗಿದೆ ಅಂದೆ. ಹುಟ್ಟಿದ ಮೇಲೆ ಅವರಿಗೆ ಹೇಳಿದ ಮೊದಲ ಸುಳ್ಳು, ಅದೂ ನಿಮಗಾಗಿ.

ಆದರೂ ಮುಖ ಕಪ್ಪಲ್ಲವೇ, ದಗಲೆ ಕಪ್ಪಲ್ಲವೇ ಎಂದು ಮನಸ್ಸು ನಿಮ್ಮ ಪರವೇ ವಾದ ಮಾಡಿತು. ಒಳಗೆ ಹೋಗಿ ನಮ್ಮ ಮದುವೆಯ ಫೋಟೊ ತೆಗೆದೆ, ಅದೂ ಮಂಡ್ಯದ ಅದೇ ಅಂಗಡಿಯದು. ನನ್ನ ಹಣೆಯ ಕುಂಕುಮ ಇದ್ದಿಲ ಹಾಗೆ ಕಪ್ಪಗೆ ಬಂದಿದೆ. ಅರಿಶಿನ ಮೆತ್ತಿದ ಕೆನ್ನೆ ಮಸಿ ಬಳಿದಂತಿದೆ. ಸೀರೆಯ ನೀಲಿ ಅಂಚು ಬೆಳ್ಳಗಾಗಿದೆ. ಆ ಫೋಟೊ ಡಬ್ಬಿಗೆ ಕೆಂಪೂ ಒಂದೇ, ಕಪ್ಪೂ ಒಂದೇ. ಹಳದಿಯೂ ಕಪ್ಪಿನ ಕಡೆಗೇ ಹೋಗುತ್ತದೆ. ಹಾಗಾದರೆ ನಿಮ್ಮ ಮುಖದ್ದು ಅರ್ಜುನನಿಗೆ ಹಚ್ಚುವ ಹಳದಿ ಅರದಾಳ, ಅದಕ್ಕೆ ಚೂರು ಕೆಂಪು ಇಂಗಳೀಕ ಬೆರೆಸಿದ್ದು. ದಗಲೆ ಅರ್ಜುನನ ಕೆಂಪು ದಗಲೆ. ಕಪ್ಪಾಗಿ ಬಂದದ್ದನ್ನು ಕಂಡು, ಹಳ್ಳಿಯವರಿಗೇನು ತಿಳಿಯುತ್ತದೆ ಎಂದು ರಕ್ಕಸ ಅಂತ ಬರೆದಿರಿ.

ಜನರ ಮುಂದೆ ಒಂದು ಸಲ ಅರ್ಜುನನ ಕಿರೀಟ ಹೊತ್ತವನಿಗೇ ಬಾಳೆಲ್ಲ ಆ ವೇಷ. ಆಮೇಲೆ ಅಪ್ಪನೂ ಬೇರೆಯವರಿಗೆ ಕಟ್ಟುವ ಹಾಗಿಲ್ಲ. ಈ ಕಟ್ಟಳೆ ಗೊತ್ತಿದ್ದೇ ಅಲ್ಲವೇ ಕಳೆದ ವರ್ಷ ಅಪ್ಪನ ಪಾದ ಮುಟ್ಟಿ ‘ಅರ್ಜುನ ಮುದ್ದಣ್ಣಂದೇ, ನಂಗೆ ರಕ್ಕಸನೇ ಸಾಕು’ ಎಂದಿರಿ? ಭಾವಮೈದ ಜ್ವರದಲ್ಲಿ ನರಳುವಾಗ ಪೆಟ್ಟಿಗೆ ಬಿಚ್ಚಲು ಕೈ ಹೇಗೆ ಬಂತು? ಮೇಳದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರೇನು ನನಗೆ ತಾಳಿ ಕಟ್ಟಿದವರೇ? ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ. ಅವನಿಗೂ ಮೋಸ, ನನಗೂ ಮೋಸ. ಹೊಟ್ಟೆ ಉರಿಯುತ್ತದೆ ಕಣ್ರೀ.

ಶಿವರಾತ್ರಿಗೆ ಮೊದಲೇ ಬಂದು ನಿಮ್ಮ ಬಾಯಿಂದಲೇ ಅಪ್ಪನಿಗೆ ಹೇಳಿ, ತಪ್ಪಾಯಿತೆಂದು ಕೇಳಿಕೊಳ್ಳಿ. ಅಲ್ಲಿಯವರೆಗೆ ನಾನು ತುಟಿ ಬಿಚ್ಚುವುದಿಲ್ಲ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇತಿ,
ಮಾಯಮ್ಮ

ಮರೆತ ಮಾತು: ಕಾಗದ ಮಡಿಸುವಷ್ಟರಲ್ಲಿ ಮುದ್ದಣ್ಣ ಬಂದು ಫೋಟೊ ಕೈಗೆತ್ತಿಕೊಂಡ.  ಅವನಿಗೆ ಬಿಸಿಲಿಗೆ ಹಿಡಿಯಬೇಕಾಗಿಯೂ ಬರಲಿಲ್ಲ, ಒಂದೇ ನೋಟಕ್ಕೆ ಅರ್ಜುನನೆಂದು ತಿಳಿದುಹೋಯಿತು. ಕಾಲಿನ ಗೆಜ್ಜೆ ಬಿಚ್ಚಿ ನನ್ನ ಮಡಿಲಿಗೆ ಹಾಕಿ ‘ಚೆಂದಾಗ್ ಒಪ್ತದೆ ಕಣವ್ವ ಭಾವುಂಗೆ’ ಅಂದು ಗದ್ದೆ ಕಡೆ ಹೋದ. ಇನ್ನು ನೀವು ಬಂದು ಹೇಳುವುದೇನೂ ಉಳಿದಿಲ್ಲ. ಶಿವರಾತ್ರಿಗೆ ಬಂದು ಕುಣಿಯಿರಿ, ಕಿರೀಟ ನಿಮ್ಮದೇ. ನಾನು ಮಾತ್ರ ಇಲ್ಲೇ ಅಪ್ಪನ ಮನೆಯಲ್ಲಿ ಇರುತ್ತೇನೆ, ಕರೆಯಲು ಬರಬೇಡಿ.