ದ್ರಾಕ್ಷಾಯಿಣಿ ಅಕ್ಕೋರಿಗೆ ಎರಡು ನಿಮಿಷ

೨೨ ಮಾರ್ಚ್ ೨೦೦೭, ಗುರುವಾರ

ಎಂಟನೆಯ ತರಗತಿಯ ಕನ್ನಡ ಪೇಪರು ತಿದ್ದುವುದು ಇನ್ನೂ ಮೂವತ್ತು ಬಾಕಿ. ಅಷ್ಟರಲ್ಲಿ ಹೆಡ್‌ಮಾಸ್ತರ್ ಶಿವಯೋಗೀಶ ಸರ್ ಕರೆದರು. ೩೧ಕ್ಕೆ ಗಣಿತ ಕಲಿಸುವ ದ್ರಾಕ್ಷಾಯಿಣಿ ಅಕ್ಕೋರು ನಿವೃತ್ತಿ. ಮಕ್ಕಳ ಪರವಾಗಿ ಕೃತಜ್ಞತೆಯ ಮಾತು ನಾನೇ ಆಡಬೇಕಂತೆ.

"ಎರಡ ನಿಮಿಷ ಸಾಕ್ರಿ ಅಕ್ಕೋರ. ಮಕ್ಕಳು ಬೋರ್ಡ್ ಮ್ಯಾಲ ಬರದದ್ದರಾಗಿಂದನ ತಗೋರಿ. ನಿಮ್ಮ ಕನ್ನಡ ಛಲೋ ಅದ."

ಕನ್ನಡ ನನ್ನದು, ಹೊಗಳಿಕೆ ಅವರಿಗೆ. ಇಪ್ಪತ್ತೊಂದು ವರ್ಷ ಒಂದೇ ಸ್ಟಾಫ್‌ರೂಮಿನಲ್ಲಿ ಇದನ್ನೇ ನೋಡಿದ್ದೇನೆ.

ಹಳೆಯ, ಹೊಸ ವಿದ್ಯಾರ್ಥಿಗಳು ಭಾನುವಾರ ಬಂದು ಹತ್ತನೆಯ ಕ್ಲಾಸಿನ ಬೋರ್ಡು, ಅಂಟಿಸಿದ ಡ್ರಾಯಿಂಗ್ ಹಾಳೆ ಎಲ್ಲ ಅಕ್ಕೋರಿಗೆ ಸಂದೇಶ ಬರೆದು ತುಂಬಿಸಿ ಹೋಗಿದ್ದರು. ಪರೀಕ್ಷೆಯ ರಜಿಸ್ಟರ್ ನಂಬರು ಬರೆಯಲು ಎಲ್ಲ ತೆಗೆಯಬೇಕಾಯಿತು. ಅದಕ್ಕೂ ಮೊದಲು ಡ್ರಾಯಿಂಗಿನ ವಿನೋದ ಸರ್ ಫೋಟೊ ಹೊಡೆದಿಟ್ಟಿದ್ದಾರೆ. ಹದಿನಾಲ್ಕು ಪ್ರಿಂಟು.

೨೩ ಮಾರ್ಚ್, ಸಂಜೆ ೫

ಫೋಟೊಗಳನ್ನು ಟೇಬಲ್ ಮೇಲೆ ಹರಡಿ ಸಾಲಾಗಿ ಹೊಂದಿಸಿದೆ. ಒಂದರ ಅಂಚು ಇನ್ನೊಂದರಲ್ಲೂ ಬಂದಿದೆ... ಅದೇ ಸಂದೇಶ ಎರಡು ಸಲ ಲೆಕ್ಕಕ್ಕೆ ಬಿದ್ದಿತ್ತು, ಹೊಡೆದುಹಾಕಿದೆ. ಎರಡರ ಮೇಲೆ ಫ್ಲಾಶ್ ಬೆಳಕು ಕೂತು ಅಕ್ಷರವೇ ಕಾಣುವುದಿಲ್ಲ. ಊಹೆ ಮಾಡಿ ಬರೆಯುವುದು ಬೇಡ ಎಂದು ಬಿಟ್ಟೆ.

ಕನ್ನಡ, ಇಂಗ್ಲಿಷ್, ಹಿಂದಿ, ಮರಾಠಿ ನಾನೇ ಓದಿದೆ. ಉರ್ದುವಿಗೆ ಹೊಲಿಗೆ ಕಲಿಸುವ ಮಾಬೂಬಿ ಬೇಕಾದಳು. ಅವಳು ಓದಿ ಅರ್ಥ ಹೇಳಿದಳು, ನಾನು ಫೋಟೊ ನಂಬರು ಹಾಕಿ ಬರೆದುಕೊಂಡೆ. ಇಂಗ್ಲಿಷಿನ "ಮಿಸ್ ಯು" ಹತ್ತಾರು ಕಡೆ. ಶಬ್ದಕ್ಕೆ ಶಬ್ದ ಇಟ್ಟರೆ ಕನ್ನಡವಾಗುವುದಿಲ್ಲ. "ನೀವಿಲ್ಲದ ಕ್ಲಾಸು ಬಿಕೋ ಅನ್ನುತ್ತದೆ" ಎಂದು ಒಂದೇ ಸಲ ಬರೆದೆ.

ಆಮೇಲೆ ಭಾಷೆ ಬಿಟ್ಟು, ಹೇಳಿದ ಸಂಗತಿ ನೋಡಿ ಗುಂಪು ಮಾಡಿದೆ. ನಾಲ್ಕು ಭಾಷೆಯಲ್ಲಿ, ಒಂಬತ್ತು ಜನ, ಒಂದೇ ಮಾತು — ತಪ್ಪು ಮಾಡಿ ಬಂದಾಗ ಅಕ್ಕೋರು ಬೈಯಲಿಲ್ಲ, ಮನೆಗೂ ಹೇಳಲಿಲ್ಲ.

ನನ್ನ ಮುಂದೆ ಯಾವ ಮಗುವೂ ಹಾಗೆ ಬಂದು ನಿಂತದ್ದಿಲ್ಲ.

೨೪ ಮಾರ್ಚ್

ಒಂಬತ್ತನೆಯ ಫೋಟೊ ಮತ್ತೆ ನೋಡಿದೆ. ನಿನ್ನೆ ಲೆಕ್ಕಕ್ಕಷ್ಟೇ ಓದಿದ್ದೆ, ಅಕ್ಷರ ಗಮನಿಸಿರಲಿಲ್ಲ. ಕೆಳಗೆ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ, ಹೆಸರಿಲ್ಲ. ಹೆಸರು ಯಾಕೆ ಬೇಕು. ಆ ಕೈಯನ್ನು ಹಿಡಿದು ಬರೆಸಿದವಳು ನಾನು.

"ಪಿಯುಸಿ ಹಾಫ್ ಇಯರ್ಲಿಯಲ್ಲಿ ಗಣಿತದಲ್ಲಿ ನೂರಕ್ಕೆ ಹದಿನೆಂಟು ಬಂದಾಗ ನಿಮಗೆ ಮಾತ್ರ ಹೇಳಿದೆ. ದಿನಾ ಸಂಜೆ ಕಲಿಸಿದಿರಿ. ಮಮ್ಮಿಗೆ ಇವತ್ತಿಗೂ ಗೊತ್ತಿಲ್ಲ."

ನನ್ನ ಮಗಳು ಶಾಂಭವಿ, ಇಲ್ಲಿಯ ಹಳೆಯ ವಿದ್ಯಾರ್ಥಿನಿ. ಡಿಸೆಂಬರಿನಿಂದ ದಿನಾ ಬೆಂಗೇರಿಗೆ, ಗೆಳತಿಯ ಮನೆಗೆ ಎಂದು ಹೋಗುತ್ತಿದ್ದಳು. ಅಕ್ಕೋರ ಮನೆಯೂ ಬೆಂಗೇರಿಯಲ್ಲೇ. ಗೆಳತಿಗೆಂದು ಚಕ್ಕುಲಿ ಕಟ್ಟಿ ಕೊಟ್ಟಿದ್ದೆ, ತಿಂದವರು ಯಾರೋ.

ಹೊಟ್ಟೆ ಉರಿಯುತ್ತಿದೆ. ಬರೆಯಲಿಕ್ಕೆ ನಾಚಿಕೆ ಯಾಕೆ, ಓದುವವರು ಯಾರು. ಫೇಲಾದದ್ದಕ್ಕಲ್ಲ. ಅವರ ಹತ್ತಿರ ಹೋಗಿ ಅತ್ತಳಲ್ಲ, ಅದಕ್ಕೆ.

೨೫ ಮಾರ್ಚ್, ಭಾನುವಾರ

ಭಾಷಣ ಬರೆದೆ. ಶಿಸ್ತು, ಸಮಯಪಾಲನೆ, ಮೂವತ್ತಮೂರು ವರ್ಷದ ಸೇವೆ. ಒಂಬತ್ತು ಜನರ ಮಾತು ಹಾಕಲಿಲ್ಲ. ಬೇಕಂತಲೇ.

ಮಗಳ ಜೊತೆ ಮಾತಿಲ್ಲ. ತಲೆನೋವು ಎಂದೆ.

೨೮ ಮಾರ್ಚ್

ಹೆಡ್‌ಮಾಸ್ತರಿಗೆ ಹಿಡಿಸಿತು. ಮಾಬೂಬಿ ಓದಿ ಕಾಗದ ಮಡಚಿದಳು.

"ಈ ಮಾತು ಯಾವ ಮಾಸ್ತರಿಗರೆ ಹೇಳಬಹುದಲ್ರಿ ಅಕ್ಕೋರ. ಮನಿಗೆ ಹೇಳಲಿಲ್ಲ ಅಂತ ಬರದಿದ್ದರಲ್ಲಾ, ಅದೆಲ್ಲೈತ್ರಿ?"

"ಎರಡ ನಿಮಿಷದಾಗ ಜಾಗಾ ಸಾಲಲಿಲ್ಲ."

"ಅದೊಂದ ಹೇಳಿದ್ರ ಉಳಿದಿದ್ದು ಬ್ಯಾಡನ ಬ್ಯಾಡ್ರಿ. ಉರ್ದು ಹುಡುಗೂರು ನನ್ನ ನಂಬಿ ಬರದಿಲ್ಲ ಖರೇ. ಆದ್ರ ಓದಿದಾಕಿ ನಾ, ಅವರ ಮಾತು ಮುಟ್ಟಸೋದು ನನ್ನ ಮ್ಯಾಲ ಐತಲ್ರಿ."

ಸಿಟ್ಟು ಬಂತು. ಅವಳು ಹೇಳಿದ್ದು ಸರಿ ಇತ್ತು, ಅದಕ್ಕೇ ಬಂತು.

೩೦ ಮಾರ್ಚ್

ಮತ್ತೆ ಬರೆದೆ. ಯಾರ ಹೆಸರೂ ಇಲ್ಲ, ಅಂಕವೂ ಇಲ್ಲ, ಗುರುತು ಹತ್ತಬಾರದು. ಒಂಬತ್ತೂ ಸೇರಿ ಮೂರು ಸಾಲು:

"ಮನೆಯಲ್ಲಿ ಹೇಳಲಾಗದ್ದನ್ನು ನಿಮ್ಮ ಮುಂದೆ ಹೇಳಿದೆವು. ನೀವು ಬೈಯಲಿಲ್ಲ, ಮನೆಗೂ ಹೇಳಲಿಲ್ಲ. ತಪ್ಪಿದ ಲೆಕ್ಕದ ಪಕ್ಕದಲ್ಲೇ ಜಾಗ ಬಿಟ್ಟು, ಮತ್ತೊಮ್ಮೆ ಮಾಡು ಎಂದಿರಿ."

ಕೊನೆಯದು ಮರಾಠಿಯಲ್ಲಿ ಬರೆದ ಹುಡುಗನದು. ಗಡಿಯಾರ ಇಟ್ಟು ಇಡೀ ಭಾಷಣ ಓದಿದೆ. ಒಂದು ನಿಮಿಷ ಐವತ್ತು ಸೆಕೆಂಡು.

೩೧ ಮಾರ್ಚ್, ಸಂಜೆ ೭

ಮಾತು ಆಡಿದೆ. ಶಾಂಭವಿ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಆ ಮೂರು ಸಾಲು ಮುಗಿಯಿತು, ಕೂರಬೇಕಿತ್ತು... ಬಾಯಿಂದ ಬಂದೇಬಿಟ್ಟಿತು — "ಏನೂ ಗೊತ್ತಿಲ್ಲದ ತಾಯಂದಿರ ಪರವಾಗಿಯೂ ನಮಸ್ಕಾರ." ಶಾಂಭವಿ ತಲೆ ತಗ್ಗಿಸಿದಳು.

ಅಕ್ಕೋರು ಕೈ ಹಿಡಿದುಕೊಂಡರು. ಮೆಲ್ಲಗೆ, "ನೀವು ನೊಂದಕೋತೀರಿ ಅಂತ ಹೇಳಿಲ್ರಿ ಆಕಿ. ಹೆದರಿ ಅಲ್ಲ" ಎಂದರು. ನನ್ನ ಮಗಳ ಮನಸ್ಸನ್ನು ಅವರು ನನಗೆ ತಿಳಿಸಿಕೊಡಬೇಕೆ. ಉರಿ ಆರಿಲ್ಲ. ಸುಳ್ಳು ಯಾಕೆ ಬರೆಯಲಿ.

ಬರೆಯುತ್ತಿರುವಾಗಲೇ ಶಾಂಭವಿ ಬಂದು ಪಕ್ಕದಲ್ಲಿ ಕೂತಿದ್ದಾಳೆ. ಈಗ ಅಂದಳು:

"ಹದಿನೆಂಟಲ್ಲ ಮಮ್ಮಿ. ಹನ್ನೊಂದು. ಅಕ್ಕೋರಿಗೂ ಖರೇ ಹೇಳಿಲ್ಲ ನಾ."

ಸಿಟ್ಟು ಬರಬೇಕಿತ್ತು. ಆದರೆ ನನಗೆ ಸಮಾಧಾನವಾಯಿತು, ಇದೊಂದನ್ನು ಮೊದಲು ನನಗೇ ಹೇಳಿದಳು.