ವಾಪಸ್ ಬಂದ ತಟ್ಟೆ

ಸೆಪ್ಟೆಂಬರ್ 5, ಶುಕ್ರವಾರ

ಕ್ಲಿನಿಕ್‌ನಿಂದ ಬರುವಾಗ ಸೀರೆ ತಂದೆ. ಸಂಗೀತದ ಟೀಚರ್‌ಗೆ. ಬೂದು ಬಣ್ಣ, ಕೆಂಪು ಅಂಚು. ಎಳೇ ವಯಸ್ಸಿನವರು, ಉಡ್ತಾರೋ ಇಲ್ಲವೋ! ಭಾನುವಾರ ನನ್ನ ಮೊದಲ ಕಛೇರಿ. ಐವತ್ತನಾಲ್ಕನೇ ವಯಸ್ಸಿನಲ್ಲಿ. ಹಲ್ಲಿನ ಡಾಕ್ಟರು ಹೇಳ್ತಾರೆ — "ಕೌಂಟರ್‌ನಲ್ಲಿ ಗುನುಗ್ತಾ ಇದ್ದೋರು ಸ್ಟೇಜ್ ಹತ್ತಿಬಿಟ್ಟಿರಲ್ಲ."

ತಟ್ಟೆ ಜೋಡಿಸಿ ನೋಡಿದೆ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಹೂವು, ಸೀರೆ, ರವಿಕೆ ಕಣ. ಕವರಿನೊಳಗೆ ಕಾಣಿಕೆ, ಮೇಲೊಂದು ರೂಪಾಯಿ ಬಿಡಿ. ಎಲೆಯ ತುದಿ ತಗೊಳ್ಳೋರ ಕಡೆಗಿರಬೇಕು ಅಂತ ಅತ್ತೆ. ಉಲ್ಟಾ, ಕೊಡೋರ ಕಡೆಗೆ ಅಂತ ಹೂವಿನವಳು. ಇಬ್ಬರೂ ಪ್ರಮಾಣ ಮಾಡಿ ಹೇಳ್ತಾರೆ. ಅಡ್ಡಕ್ಕಿಟ್ಟೆ!

ಸೆಪ್ಟೆಂಬರ್ 7, ಭಾನುವಾರ, ರಾತ್ರಿ

ಹಾಡಿದೆ. ವರ್ಣ ಚೆನ್ನಾಗಿ ಬಂತು. ಎರಡನೇ ಕೃತಿಯಲ್ಲಿ ಒಂದು ಕಡೆ ತಾಳ ತಪ್ಪಿತು. ಟೀಚರ್ ಮುಂದಿನ ಸಾಲಿನಲ್ಲಿ ತೊಡೆ ತಟ್ಟಿ ತೋರಿಸಿದರು, ಹಿಡ್ಕೊಂಡೆ. ಚಪ್ಪಾಳೆ ಬಿತ್ತು. ಅಲ್ಲಿಗೆ ಎಲ್ಲಾ ಸರಿ.

ಆಮೇಲೆ ಸನ್ಮಾನ. ಮೊದಲು ಪಕ್ಕವಾದ್ಯದವರಿಗೆ. ಪಿಟೀಲಿನವರು ಶಾಲು ತಗೊಂಡರು, ಮೃದಂಗದವರು ತಗೊಂಡರು. ಕೊನೆಗೆ ಟೀಚರ್. ಕುರ್ಚಿ ಹಾಕಿಸಿದ್ದೆ. ಬಂದರು, ಕೂರಲಿಲ್ಲ. ಎರಡೂ ಕೈಯಲ್ಲಿ ತಟ್ಟೆ ಹಿಡಿದೆ. ಅವರು ತಟ್ಟೆಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ನನ್ನ ಕೈಗೇ ತಳ್ಳಿದರು. "ಬೇಡ ಆಂಟಿ, ದಯವಿಟ್ಟು." ಕಾಲಿಗೆ ಬೀಳೋಣ ಅಂತ ಬಗ್ಗಿದೆ — ಕಾಲು ಹಿಂದಕ್ಕೆ ಎಳೆದುಕೊಂಡರು. ಮೈಕ್ ಆನ್ ಇತ್ತು. ಸಭೆಗೆಲ್ಲಾ ಕೇಳಿಸಿತು.

ತಟ್ಟೆ ಹಿಡಿದು ಬೆಪ್ಪುತಕ್ಕಡಿ ಥರ ನಿಂತಿದ್ದೆ. ಇಳಿಯೋದು ಯಾವ ಕಡೆಯಿಂದ ಅನ್ನೋದೂ ಮರೆತುಹೋಯ್ತು.

ಸೆಪ್ಟೆಂಬರ್ 8, ಸೋಮವಾರ

ಮನೆಯಲ್ಲಿ ಆಳಿಗೊಂದು ಮಾತು.

ಅತ್ತೆ: "ಬೇಡ ಅಂದ್ರೆ ಸಾಲದು ಅಂತ ಅರ್ಥ ಕಣಮ್ಮಾ."
ಇವರು: "ಬೂದು ಬಣ್ಣ ಹಿಡಿಸಿಲ್ಲ ಕಣೇ. ನನಗೂ ಹಿಡಿಸಲಿಲ್ಲ."

ವಯಸ್ಸು ಅಂತ ನನಗೆ. ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವರು. ದೊಡ್ಡೋರು ಕಾಲಿಗೆ ಬಿದ್ದರೆ ಯಾರಿಗೆ ಮುಜುಗರ ಆಗಲ್ಲ? ಆದರೆ ತಟ್ಟೆ ಯಾಕೆ ಬೇಡ? ತಾಳ ತಪ್ಪಿದ್ದಕ್ಕಾ? ಎಲೆ ಅಡ್ಡಕ್ಕಿಟ್ಟಿದ್ದಕ್ಕಾ?

ಕೊಡೋಕೆ ಅಂತ ಎತ್ತಿದ್ದನ್ನ ಒಳಗೆ ಇಟ್ಕೋಬಾರದಂತೆ, ಅತ್ತೆ ಹೇಳಿದ್ದು. ಹೊರಗೆ ಯಾರಿಗಾದರೂ ಕೊಡೋದೂ ತಪ್ಪಂತೆ. ಫ್ರಿಜ್ ಮೇಲೆ ಕೂತಿದೆ.

ಸೆಪ್ಟೆಂಬರ್ 10, ಬುಧವಾರ

ಕ್ಲಾಸಿಗೆ ಹೋದೆ. ಏನೂ ಆಗಿಲ್ಲವೇನೋ ಅನ್ನೋ ಹಾಗೆ ಶ್ರುತಿ ಹಾಕಿದರು. ಹೊಸ ಪಾಠ ಶುರು. ಕೇಳಬೇಕು ಅಂತ ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಸ್ವರವೇ ಬಂತು.

ಹೊರಡುವಾಗ ಪಕ್ಕದ ಮನೆಯವರು ಇಣುಕಿ, "ಇವರೂ ಸ್ಟೂಡೆಂಟಾ?" ಅಂದರು. ಟೀಚರ್ ನಕ್ಕು, "ಆಂಟಿ, ನಮ್ಮ ಕ್ಲಾಸಿಗೆ ಬರ್ತಾರೆ" ಅಂದರು. ಬರ್ತಾರೆ! ಬಸ್ಸಿಗೆ ಬರ್ತಾರೆ, ಪಾರ್ಕಿಗೆ ಬರ್ತಾರೆ ಅನ್ನೋ ಹಾಗೆ. ಐದು ವರ್ಷ ಕಲಿತು ನಾನು ಶಿಷ್ಯೆಯೋ, ಟೈಂಪಾಸ್ ಆಂಟಿಯೋ? ಅದೊಂದು ಗೊತ್ತಾದರೆ ಸಾಕು ನನಗೆ.

ಸೆಪ್ಟೆಂಬರ್ 17, ಬುಧವಾರ

ಹೋಗಲಿಲ್ಲ. ತಲೆನೋವು ಅಂತ ಮೆಸೇಜ್ ಹಾಕಿದೆ. ಸುಳ್ಳು. "ರೆಸ್ಟ್ ಮಾಡಿ ಆಂಟಿ" ಅಂತ ಬಂತು. ಮತ್ತೆ ಆಂಟಿ.

ಇವರು ತಟ್ಟೆಯ ಬಾಳೆಹಣ್ಣು ತಿಂದಿದ್ದಾರೆ! "ಕಪ್ಪಾಗ್ತಿತ್ತು, ಪಾಪ" ಅಂತಾರೆ. ಪಾಪ ಯಾರು, ಹಣ್ಣಾ ನಾನಾ? ಜಗಳ ಆಡಿದೆ. ಅಳು ಬಂತು. ಹಣ್ಣಿಗೆ ಅಲ್ಲ.

ಸೆಪ್ಟೆಂಬರ್ 24

ಹೋಗಲಿಲ್ಲ.

ಸೆಪ್ಟೆಂಬರ್ 25, ಗುರುವಾರ

ಕ್ಲಿನಿಕ್‌ಗೆ ಟೀಚರ್ ಬಂದರು. ಕೌಂಟರ್ ಮುಂದೆ ನಿಂತರು. ಅಭ್ಯಾಸಬಲ — "ಯಾವ ಹಲ್ಲು?" ಅಂದುಬಿಟ್ಟೆ.

"ಹಲ್ಲಲ್ಲ ಆಂಟಿ."

ಕೆನ್ನೆ ಊದಿದ ಇಬ್ಬರ ನಡುವೆ ಕೂತು ಕಾದರು. ಊಟದ ಹೊತ್ತಿಗೆ ಎಲ್ಲ ಹೋದ ಮೇಲೆ ಹೇಳಿದರು. ಅವರು ತಮ್ಮ ಗುರುಗಳಿಗೇ ಇನ್ನೂ ಕಾಣಿಕೆ ಕೊಟ್ಟಿಲ್ಲವಂತೆ. ಮೊದಲ ಸಲ ವೇದಿಕೆ ಹತ್ತೋಕೆ ಗುರುಗಳ ಒಪ್ಪಿಗೆ ಬೇಕಲ್ಲ, ಅವರು "ಇನ್ನೊಂದು ವರ್ಷ ತಡಿ" ಅಂದಿದ್ದರಂತೆ. ಟೀಚರ್ ತಡೀಲಿಲ್ಲ. ಕರೆದರು ಅಂತ ಹಾಡಿಬಿಟ್ಟರು. ತಟ್ಟೆ ಜೋಡಿಸಿಟ್ಟಿದ್ದರು, ಗುರುಗಳು ಬರಲೇ ಇಲ್ಲ. ಆಮೇಲೆ ಟೀಚರ್‌ಗೆ ಆ ಮನೆ ಮೆಟ್ಟಿಲು ಹತ್ತೋ ಧೈರ್ಯವೂ ಬರಲಿಲ್ಲ.

"ನಾನೇ ಕೊಟ್ಟಿಲ್ಲ. ನಿಮ್ಮ ಹತ್ತಿರ ಯಾವ ಮುಖ ಇಟ್ಕೊಂಡು ತಗೊಳ್ಳಲಿ?" ಕಣ್ಣು ತುಂಬಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ಮೊದಲೇ ಹೇಳೋಕೇನು ಧಾಡಿ? ಮೂರು ವಾರದಿಂದ ಎಲೆ ತುದಿ ಲೆಕ್ಕ ಹಾಕ್ತಾ ಕೂತಿದ್ದೀನಿ!" ಅಂದೆ. ನನ್ನ ಗುರುಗಳನ್ನೇ ಬೈದ ಹಾಗಾಯ್ತು. ತಕ್ಷಣ ಸಾರಿ ಕೇಳಿದೆ. ಆಮೇಲೆ ಮತ್ತೆ ಬೈದೆ. ಕಾಲಿಗೆ ಬೀಳಬೇಕಾದೋರನ್ನ ಕೈ ಹಿಡ್ಕೊಂಡು ಸಮಾಧಾನ ಮಾಡಿದ್ದೂ ಆಯ್ತು. ಎಲ್ಲಾ ಕಲಸುಮೇಲೋಗರ.

ಶನಿವಾರ ಅವರ ಗುರುಗಳ ಮನೆಗೆ ಹೋಗೋಣ ಅಂದೆ. ತಟ್ಟೆ ನಾನು ಕೊಡಿಸ್ತೀನಿ ಅಂದರೆ ಒಪ್ಪಲಿಲ್ಲ. ಸರಿಯೇ. ಅವರ ಕಾಣಿಕೆ ಅವರದೇ ಆಗಬೇಕು.

ಸೆಪ್ಟೆಂಬರ್ 27, ಶನಿವಾರ

ಮೂರನೇ ಮಹಡಿ. ಲಿಫ್ಟ್ ಕೆಟ್ಟಿತ್ತು. ನನ್ನ ಮಂಡಿ ಕಥೆ ಬೇಡ. ಗುರುಗಳೇ ಬಾಗಿಲು ತೆಗೆದರು. ನನ್ನ ಅತ್ತೆ ವಯಸ್ಸು, ಬೆನ್ನು ಮಾತ್ರ ನೆಟ್ಟಗೆ. ಟೀಚರ್‌ನ ನೋಡಿದರು. ಒಳಗೆ ಹೋಗಿ ಚಾಪೆ ಹಾಸಿದರು.

ಟೀಚರ್ ತಟ್ಟೆ ಹಿಡಿದು ಮಂಡಿಯೂರಿದರು. "ತಪ್ಪಾಯ್ತಮ್ಮಾ."

ಅವರು ತಟ್ಟೆ ನೋಡಲೇ ಇಲ್ಲ. ನನ್ನ ಕಡೆ ಗದ್ದ ಎತ್ತಿ, "ಇವರು ಯಾರು?"

"ನನ್ನ ಶಿಷ್ಯೆ" ಅಂದರು ಟೀಚರ್.

ಒಂದು ಕ್ಷಣವೂ ಯೋಚಿಸದೆ ಅಂದರು. ಆಂಟಿ ಅನ್ನಲಿಲ್ಲ. ನಾನು ಗೋಡೆ ಕಡೆ ತಿರುಗಿಕೊಂಡೆ.

"ಹಾಡಿಸು, ನೋಡೋಣ" ಅಂದರು ಗುರುಗಳು.

ಕಛೇರಿಯ ಎರಡನೇ ಕೃತಿಯನ್ನೇ ಎತ್ತಿಕೊಂಡೆ. ಅದೇ ಜಾಗ ಬಂತು. ಟೀಚರ್ ತೊಡೆ ತಟ್ಟಿದರು, ಜೊತೆಗೆ ಗುರುಗಳೂ. ಒಂದೇ ಥರ, ಕಿರುಬೆರಳು ಸ್ವಲ್ಪ ಎತ್ತಿ. ತಪ್ಪಲಿಲ್ಲ.

ಮುಗಿದ ಮೇಲೆ ಗುರುಗಳು ಕೇಳಿದರು, "ಇವಳ ಕಾಣಿಕೆ ನೀನು ತಗೊಂಡ್ಯಾ?"

"ಇಲ್ಲಮ್ಮಾ. ಕಛೇರಿ ದಿನ ಸಭೆ ಮುಂದೆಯೇ ತಟ್ಟೆ ವಾಪಸ್ ಕೊಟ್ಟುಬಿಟ್ಟೆ. ನಿಮಗೆ ಕೊಡದೆ ನಾನು ಹೇಗೆ…"

"ಹುಚ್ಚಿ. ತಪ್ಪು ಮಾಡಿದ್ದು ನೀನು. ತಟ್ಟೆ ಹಿಡಿದು ಸಭೆ ಮುಂದೆ ನಿಂತಿದ್ದು ಇವಳು. ಮೊದಲು ಇವಳದ್ದು ತಗೋ. ನಾಳೆ ಬೆಳಿಗ್ಗೆ, ಇಲ್ಲೇ, ನನ್ನ ಕಣ್ಣೆದುರಿಗೆ. ಆಮೇಲೆ ನಿಂದು ನೋಡೋಣ."

ತಗೋತೀನಿ ಅಂತ ಹೇಳಲಿಲ್ಲ. ನೋಡೋಣ ಅಂದರು. ಅದು ಹೂಂ ಅಂತಲೋ ಊಹೂಂ ಅಂತಲೋ? ಟೀಚರ್ ಆಟೋದಲ್ಲಿ ದಾರಿಯುದ್ದಕ್ಕೂ ಅದನ್ನೇ ಕೇಳಿದರು. ಗಟ್ಟಿಯಾಗಿ "ಹೂಂ" ಅಂತ ಹೇಳಿದೆ. ನನಗೇನು ಗೊತ್ತು.

ಸೆಪ್ಟೆಂಬರ್ 28, ಭಾನುವಾರ, ಬೆಳಿಗ್ಗೆ

ಹೊಸ ಎಲೆ, ಹೊಸ ಹೂವು. ಬಾಳೆಹಣ್ಣು ಇವರೇ ತಂದರು, ಕಳ್ಳನ ಹಾಗೆ ಮುಖ ಮಾಡಿಕೊಂಡು. ಸೀರೆ ಅದೇ. "ಕೊಡೋಕೆ ಅಂತಲೇ ಎತ್ತಿದ್ದಲ್ವಾ, ಅವರಿಗೇ ಸೇರಲಿ" ಅಂದರು ಅತ್ತೆ.

ಕಾಲಿಗೆ ಬೀಳ್ತೀನಿ. ಎಳೆದುಕೊಂಡರೆ ಕಾಲು ಬಿಗಿಯಾಗಿ ಹಿಡ್ಕೊಳ್ಳೋದು ಅಂತ ತೀರ್ಮಾನಿಸಿದ್ದೀನಿ. ಅವರದ್ದನ್ನ ಗುರುಗಳು ತಗೊಳ್ಳದಿದ್ದರೆ? ಆಗ ನಾನೇನು ಮಾಡಲಿ, ಶಿಷ್ಯೆಯಾಗಿ ಸುಮ್ಮನಿರಲೋ, ಹಿರಿಯಳಾಗಿ ಬಾಯಿ ಬಿಡಲೋ…

ಕೆಳಗೆ ಆಟೋ ಹಾರನ್. ಟೀಚರ್ ಬಂದರು. ಅಯ್ಯೋ, ಎಲೆಯ ತುದಿ —